ಬದಿಯಡ್ಕದಿಂದ ಬಂದ ಎರಡು ಕವರ್ ಲೆಟರ್

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ಬಿಕಾಂ ಆಗಿದೆ. ಎರಡೂವರೆ ವರ್ಷದಿಂದ ಇಲ್ಲೇ ಒಂದು ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಮಂಗಳೂರಿನ ಒಂದು ಹೋಲ್‌ಸೇಲ್ ಕಂಪನಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಬೇಕು. ಕವರ್ ಲೆಟರ್ ಎರಡು ಥರ ಬರೆದಿದ್ದೇನೆ. ಮೊದಲನೆಯದೇ ಮರ್ಯಾದೆಯಾಗಿದೆ ಅಂತ ಅಣ್ಣ. ಗೆಳತಿಗೆ ಎರಡನೆಯದು ಇಷ್ಟ. ಎರಡೂ ಪತ್ರ, ಜಾಹೀರಾತು, ಬಯೋಡೇಟಾ ಕಳಿಸಿದ್ದೇನೆ. ಯಾವುದನ್ನು ಕಳಿಸಲಿ? ಇಲ್ಲ, ಎರಡನ್ನೂ ಸೇರಿಸಿ ಒಂದು ಮಾಡಲಾ?

ಉತ್ತರ: ಎರಡನೆಯದನ್ನು ಕಳಿಸಿ. ಆದರೆ ಈಗ ಇರುವ ಹಾಗೆ ಬೇಡ. ಅದರ ಆರಂಭ ತೆಗೆಯಬೇಕು, ಒಂದು ವಾಕ್ಯವನ್ನು ತಿದ್ದಬೇಕು, ಇನ್ನೊಂದನ್ನು ಪೂರ್ತಿ ಬಿಡಬೇಕು. ಜೊತೆಗೆ, ಎರಡೂ ಪತ್ರಗಳಲ್ಲಿ ಇಲ್ಲದ ಒಂದು ಸಂಗತಿ ನಿಮ್ಮ ಬಯೋಡೇಟಾದ ಎರಡನೇ ಪುಟದಲ್ಲಿ ಅಡಗಿ ಕೂತಿದೆ. ಅದನ್ನು ಮೇಲಕ್ಕೆ ತರಬೇಕು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ನಾಳೆ ಬೇರೆ ಕಂಪನಿಗೆ ಬರೆಯುವಾಗ ನೀವೇ ಹೀಗೆ ನೋಡಿಕೊಳ್ಳಬಹುದು.

ನಾನು ಮಂಗಳೂರಿನಲ್ಲಿ ಹದಿನಾಲ್ಕು ವರ್ಷ ಆಫೀಸು ಮತ್ತು ಅಕೌಂಟ್ಸ್ ಕೆಲಸಕ್ಕೆ ಜನರನ್ನು ಆರಿಸುವ ಕೆಲಸ ಮಾಡಿದವಳು. ಊರು ಕುಂಬಳೆ ಕಡೆ. ಹಾಗಾಗಿ ಗಡಿಯ ಈ ಬದಿಯಿಂದ ಬರುವ ಪತ್ರಗಳನ್ನು ಬರೆಯುವವರ ಕಷ್ಟವೂ ನನಗೆ ಗೊತ್ತು, ಓದುವವರ ಕಷ್ಟವೂ ಗೊತ್ತು.

ನಿಮ್ಮ ಪತ್ರಗಳು ಇಂಗ್ಲಿಷಿನಲ್ಲಿವೆ. ಇಲ್ಲಿ ಎಲ್ಲರಿಗೂ ತಿಳಿಯಲಿ ಅಂತ ಮುಖ್ಯ ಭಾಗವನ್ನು ಕನ್ನಡದಲ್ಲಿ ಕೊಡುತ್ತೇನೆ. ಮೊದಲನೆಯದು ಹೀಗಿದೆ:

"ಮಾನ್ಯರೇ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಖಾಲಿ ಇರುವ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಸಲ್ಲಿಸಲು ಬಯಸುತ್ತೇನೆ. ನಾನು ಬಿಕಾಂ ಪದವೀಧರೆ. ಟ್ಯಾಲಿ, ಎಕ್ಸೆಲ್ ಮತ್ತು ಜಿಎಸ್‌ಟಿಯಲ್ಲಿ ಒಳ್ಳೆಯ ಜ್ಞಾನವಿದೆ. ಎರಡೂವರೆ ವರ್ಷಗಳಿಂದ ಒಂದು ವ್ಯಾಪಾರ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಪ್ರಾಮಾಣಿಕಳು, ಶ್ರಮಜೀವಿ, ಬೇಗ ಕಲಿಯುವವಳು. ಕನ್ನಡ, ಮಲಯಾಳಂ, ತುಳು, ಇಂಗ್ಲಿಷ್ ಬಲ್ಲೆ. ಒಂದು ಅವಕಾಶ ಕೊಟ್ಟರೆ ಸಂಸ್ಥೆಯ ಏಳಿಗೆಗೆ ದುಡಿಯುತ್ತೇನೆ."

ಎರಡನೆಯದು:

"ನಮ್ಮದು ಅಡಿಕೆ ತೋಟದ ಮನೆ. ಅಪ್ಪ ಅಡಿಕೆ ಮಾರಿ ತಂದ ಚೀಟಿಗಳನ್ನು ಚಿಕ್ಕಂದಿನಲ್ಲಿ ನಾನು ಕೂಡಿಸಿ ನೋಡುತ್ತಿದ್ದೆ. ಲೆಕ್ಕದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ. ಈಗ ಎರಡೂವರೆ ವರ್ಷದಿಂದ ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಸುಮಾರು 140 ಪಾರ್ಟಿಗಳ ಲೆಡ್ಜರ್ ನೋಡಿಕೊಳ್ಳುತ್ತಿದ್ದೇನೆ. ನಾನು ಸೇರುವಾಗ ಹಲವು ಪಾರ್ಟಿಗಳ ಬಾಕಿ ತಾಳೆಯಾಗುತ್ತಿರಲಿಲ್ಲ. ಅದನ್ನು ಸರಿ ಮಾಡಿ, ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಎಲ್ಲರಿಗೂ ಸ್ಟೇಟ್‌ಮೆಂಟ್ ಕಳಿಸುವ ಕ್ರಮ ಮಾಡಿದೆ. ಕಂಪನಿಯ ಜಿಎಸ್‌ಟಿ ಕೆಲಸವನ್ನೆಲ್ಲ ನಾನೇ ನಿಭಾಯಿಸುತ್ತೇನೆ. ಎರಡು ವರ್ಷದಿಂದ ಸಂಬಳ ಏರಿಸದ ಕಾರಣ ಬೇರೆ ಕೆಲಸ ನೋಡುತ್ತಿದ್ದೇನೆ."

ಪತ್ರಗಳನ್ನು ಈಗ ಬದಿಗಿಡಿ. ಮೊದಲು ಜಾಹೀರಾತನ್ನು ಓದಬೇಕು. ಎರಡು ಪತ್ರ ಹೋಲಿಸುವಾಗ ಬಹಳ ಜನ ತಪ್ಪುವುದು ಇಲ್ಲೇ. ಅವರು ಪತ್ರದ ಪಕ್ಕ ಪತ್ರ ಇಟ್ಟು ಯಾವುದರ ಭಾಷೆ ಚೆನ್ನಾಗಿದೆ ಅಂತ ನೋಡುತ್ತಾರೆ. ಆರಿಸುವವರು ಹಾಗೆ ನೋಡುವುದೇ ಇಲ್ಲ. ಅವರ ಮುಂದೆ ನಿಮ್ಮ ಒಂದೇ ಪತ್ರ ಇರುತ್ತದೆ. ಅದರ ಪಕ್ಕದಲ್ಲಿ ಅವರ ತಲೆನೋವು ಇರುತ್ತದೆ. ಆ ತಲೆನೋವೇ ಜಾಹೀರಾತಾಗಿ ಬಂದಿರುತ್ತದೆ.

ನೀವು ಕಳಿಸಿದ ಜಾಹೀರಾತಿನಲ್ಲಿ ಇರುವುದು ನಾಲ್ಕೇ ಸಾಲು. ತಿಂಡಿ ಪದಾರ್ಥಗಳ ಹೋಲ್‌ಸೇಲ್. ಮಂಗಳೂರು, ಕಾಸರಗೋಡು, ಕಣ್ಣೂರಿನಲ್ಲಿ ಡೀಲರುಗಳು. ಟ್ಯಾಲಿ ಗೊತ್ತಿರಬೇಕು, ಎರಡು ವರ್ಷ ಅನುಭವ ಬೇಕು. ಕೊನೆಗೆ, "ಡೀಲರುಗಳ ಬಾಕಿ ತಾಳೆ ಮಾಡುವುದು ಮತ್ತು ಫಾಲೋ ಅಪ್ ಮುಖ್ಯ ಕೆಲಸ". ಈ ಕೊನೆಯ ಸಾಲನ್ನು ಯಾರೂ ಸುಮ್ನೆ ಬರೆಯುವುದಿಲ್ಲ. ಟ್ಯಾಲಿ, ಎಕ್ಸೆಲ್ ಅಂತ ಎಲ್ಲರೂ ಬರೆಯುತ್ತಾರೆ. ಬಾಕಿ ತಾಳೆ "ಮುಖ್ಯ ಕೆಲಸ" ಅಂತ ಬರೆದಿದ್ದಾರೆ ಅಂದರೆ ಅಲ್ಲಿ ಏನೋ ಎಡವಟ್ಟಾಗಿದೆ. ನಮ್ಮ ಲೆಕ್ಕದಲ್ಲಿ ಡೀಲರು ಎಂಬತ್ತು ಸಾವಿರ ಕೊಡಬೇಕು, ಡೀಲರ ಪುಸ್ತಕದಲ್ಲಿ ಐವತ್ತು ಸಾವಿರ. ಫೋನು ಮಾಡಿ ಕೇಳಿದರೆ ಜಗಳ. ಇಂಥ ಜಗಳ ನೋಡಿ ಸುಸ್ತಾದ ಒಬ್ಬರು ಆ ಸಾಲನ್ನು ಬರೆದಿರುತ್ತಾರೆ.

ನಿಮ್ಮ ಪತ್ರ ಕೈಗೆ ಬಂದಾಗ ಅವರ ಮನಸ್ಸಿನಲ್ಲಿ ಮೂರು ಪ್ರಶ್ನೆ ಇರುತ್ತವೆ. ಈ ಗಂಟು ಬಿಚ್ಚಲು ಇವಳಿಗೆ ಬರುತ್ತದಾ? ಎಷ್ಟು ದಿನ ಕೂತು ಕಲಿಸಬೇಕು? ಬಂದರೆ ನಿಲ್ಲುತ್ತಾಳಾ? ಪತ್ರ ಓದಿ ಯಾರೂ ಕೆಲಸ ಕೊಡುವುದಿಲ್ಲ. ಫೋನು ಮಾಡಬೇಕೋ ಬೇಡವೋ ಅನ್ನುವುದಷ್ಟೇ ಆಗ ತೀರ್ಮಾನವಾಗುವುದು. ಹಾಗಾಗಿ ನಾವೂ ಅಷ್ಟನ್ನೇ ನೋಡೋಣ. ಓದಿ ಮುಗಿಸಿದ ಮೇಲೆ ಕೈ ಫೋನಿನ ಕಡೆ ಹೋಗುತ್ತದಾ?

ಇದಕ್ಕೆ ನಾನು ಮಾಡುವ ಪರೀಕ್ಷೆ ಸುಲಭದ್ದು. ಪತ್ರವನ್ನು ಮೊಬೈಲಿನಲ್ಲಿ ಒಂದೇ ಸಲ ಓದಬೇಕು, ತಿರುಗಿ ಓದುವ ಹಾಗಿಲ್ಲ. ಮೊಬೈಲು ಮಗುಚಿ ಇಟ್ಟು ನೆನಪಿನಲ್ಲಿ ಏನು ಉಳಿಯಿತೋ ಅದನ್ನು ಒಂದು ಚೀಟಿಯಲ್ಲಿ ಬರೆಯಬೇಕು. ಮೊಬೈಲೇ ಯಾಕೆ ಅಂದರೆ, ಇಂಥ ಕಂಪನಿಗಳಲ್ಲಿ ಅರ್ಜಿ ಓದುವುದು ದಿನದ ಕೆಲಸ ಮುಗಿದ ಮೇಲೆ. ನಾನು ಓದುತ್ತಿದ್ದದ್ದೂ ಹಾಗೆಯೇ, ರಾತ್ರಿ ಎಂಟು ಗಂಟೆಗೆ, ಮನೆಗೆ ಹೋಗುವ ಬಸ್ಸಿನಲ್ಲಿ.

ನಿಮ್ಮ ಮೊದಲ ಪತ್ರ ಓದಿ ನಾನು ಬರೆದ ಚೀಟಿ: "ಬಿಕಾಂ. ಮಲಯಾಳಂ ಗೊತ್ತು." ಅಷ್ಟೇ. ಎರಡನೆಯದಕ್ಕೆ ಬರೆದದ್ದು: "ಅಡಿಕೆ ತೋಟ. 140 ಪಾರ್ಟಿ. ತಾಳೆ ಇಲ್ಲದ್ದನ್ನು ಸರಿ ಮಾಡಿದ್ದಾಳೆ. 5ನೇ ತಾರೀಕು. ಸಂಬಳದ ಬೇಸರ."

ಈ ಎರಡು ಚೀಟಿಗಳಲ್ಲೇ ಹೆಚ್ಚಿನ ಉತ್ತರ ಇದೆ. ಮೊದಲ ಪತ್ರದಲ್ಲಿ ತಪ್ಪಿಲ್ಲ. ಅಣ್ಣ ಹೇಳಿದ ಮರ್ಯಾದೆಯೂ ಅದರಲ್ಲಿದೆ. ಆದರೆ ನಿಮ್ಮ ಹೆಸರು ಅಳಿಸಿ ನಿಮ್ಮ ಜೊತೆ ಬಿಕಾಂ ಓದಿದ ಬೇರೆ ಯಾರ ಹೆಸರು ಹಾಕಿದರೂ ಆ ಪತ್ರ ಹಾಗೇ ನಡೆಯುತ್ತದೆ. "ಪ್ರಾಮಾಣಿಕಳು, ಶ್ರಮಜೀವಿ" ಅಂತ ಪ್ರಾಮಾಣಿಕರಲ್ಲದವರೂ ಬರೆಯುತ್ತಾರೆ. ಓದುವವರಿಗೆ ಅದನ್ನು ನಂಬಲೂ ದಾರಿ ಇಲ್ಲ, ನಂಬದಿರಲೂ ದಾರಿ ಇಲ್ಲ. ಹಾಗಾಗಿ ಕಣ್ಣು ಅದರ ಮೇಲೆ ನಿಲ್ಲದೆ ಜಾರುತ್ತದೆ. ಎರಡನೆಯದರಲ್ಲಿರುವ 140 ಪಾರ್ಟಿಗಳ ಮಾತನ್ನು ನಿಮ್ಮ ಗೆಳತಿ ತನ್ನ ಪತ್ರದಲ್ಲಿ ಬರೆಯಲು ಆಗುವುದಿಲ್ಲ. ಅದು ನಿಮ್ಮದೇ.

ಹಾಗಂತ ಎರಡನೆಯದು ಗೆದ್ದದ್ದು ಅಡಿಕೆ ತೋಟದ ಕಥೆಯಿಂದ ಅಲ್ಲ. ಗೆಳತಿಗೆ ಇಷ್ಟವಾದದ್ದು ಬಹುಶಃ ಅದೇ. ನನಗೂ ಓದಲು ಖುಷಿಯಾಯಿತು. ನಮ್ಮ ಮನೆಯಲ್ಲೂ ಅಂಥ ಚೀಟಿಗಳಿದ್ದವು. ಆದರೆ ಆರಿಸುವವರ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅದು ಉತ್ತರ ಅಲ್ಲ. ಮೇಲ್ ಬಂದಾಗ ಮೊಬೈಲಿನ ಪರದೆಯ ಮೇಲೆ ಕಾಣುವುದು ವಿಷಯದ ಸಾಲು ಮತ್ತು ಪತ್ರದ ಮೊದಲ ಕೆಲವು ಪದ ಮಾತ್ರ. ನಿಮ್ಮ ಮೊದಲ ಪತ್ರದಲ್ಲಿ ಆ ಜಾಗವನ್ನು "ತಮ್ಮ ಪ್ರತಿಷ್ಠಿತ ಸಂಸ್ಥೆ" ತಿಂದಿದೆ, ಎರಡನೆಯದರಲ್ಲಿ ತೋಟ ತಿಂದಿದೆ. ಆ ವಿಷಯದಲ್ಲಿ ಎರಡೂ ಪತ್ರಗಳು ಸಮಾನವಾಗಿ ಸೋತಿವೆ.

ಎರಡನೆಯದನ್ನು ಗೆಲ್ಲಿಸಿದ್ದು ನಡುವಿನ ಎರಡು ವಾಕ್ಯ. ಬಾಕಿ ತಾಳೆ ಇರಲಿಲ್ಲ, ಸರಿ ಮಾಡಿದೆ. ಪ್ರತಿ ತಿಂಗಳು 5ರೊಳಗೆ ಸ್ಟೇಟ್‌ಮೆಂಟ್ ಕಳಿಸುವ ಕ್ರಮ ಮಾಡಿದೆ. ಜಾಹೀರಾತಿನ ಕೊನೆಯ ಸಾಲಿಗೆ ಇದು ನೇರ ಉತ್ತರ. ಈ ಎರಡು ವಾಕ್ಯಕ್ಕಾಗಿ ನಾನಾಗಿದ್ದರೆ ಫೋನು ಮಾಡುತ್ತಿದ್ದೆ.

ಆದರೂ ಒಂದು ಅನುಮಾನ ಉಳಿಯುತ್ತಿತ್ತು. "ಸರಿ ಮಾಡಿದೆ" ಅಂದರೆ ಹೇಗೆ? ಇಲ್ಲಿ ಇನ್ನು ಹತ್ತು ಪದ ಸೇರಿಸಿದರೆ ಆ ಅನುಮಾನ ಹೋಗುತ್ತದೆ. ಟ್ಯಾಲಿಯಲ್ಲಿ ಪಾರ್ಟಿಯಿಂದ ಹಣ ಬಂದಾಗ ರಸೀದಿ ಹಾಕುತ್ತೀರಲ್ಲ, ಅಲ್ಲಿ ಆ ಹಣ ಯಾವ ಬಿಲ್ಲಿನದು ಅಂತ ಕೇಳುತ್ತದೆ. Agst Ref ಆರಿಸಿ ಬಿಲ್ ನಂಬರು ಕೊಟ್ಟರೆ ಆ ಬಿಲ್ಲು ತೀರುತ್ತದೆ. ಅವಸರದಲ್ಲಿ ಇರುವವರು On Account ಅಂತ ಹಾಕಿ ಮುಂದೆ ಹೋಗುತ್ತಾರೆ. ಒಟ್ಟು ಬಾಕಿ ಸರಿಯೇ ಇರುತ್ತದೆ. ಆದರೆ ಯಾವ ಬಿಲ್ಲು ತೀರಿದೆ, ಯಾವುದು ತೀರಿಲ್ಲ ಅಂತ ಗೊತ್ತಾಗುವುದಿಲ್ಲ. ಹಳೆಯ ಬಿಲ್ಲು ಇನ್ನೂ ಬಾಕಿ ಅಂತ ತೋರಿಸುತ್ತಲೇ ಇರುತ್ತದೆ. ಡೀಲರು ಕೊಟ್ಟಿದ್ದೇನೆ ಅನ್ನುತ್ತಾನೆ, ನಾವು ಬಂದಿಲ್ಲ ಅನ್ನುತ್ತೇವೆ. ಅದಕ್ಕೆ ವಾಪಸು ಬಂದ ಮಾಲಿನ ಕ್ರೆಡಿಟ್ ನೋಟು ಹಾಕದೇ ಇದ್ದರೆ ಇನ್ನಷ್ಟು ಗೋಜಲು. ನಾನು ನೋಡಿದ ಲೆಕ್ಕದ ಜಗಳಗಳಲ್ಲಿ ಹೆಚ್ಚಿನವು ಹೀಗೆ ಶುರುವಾದವು.

ನಿಮ್ಮಲ್ಲಿ ಆದದ್ದೂ ಇದೇ ಆಗಿದ್ದರೆ ಹಾಗೇ ಬರೆಯಿರಿ: "On Account ಹಾಕಿ ಬಿಟ್ಟಿದ್ದ ರಸೀದಿಗಳನ್ನು ಬಿಲ್ಲಿಗೆ ಬಿಲ್ಲು ಹೊಂದಿಸಿದೆ." ಬೇರೆ ಕಾರಣ ಆಗಿದ್ದರೆ ಆ ಕಾರಣ ಬರೆಯಿರಿ. ಈ ಒಂದು ವಾಕ್ಯ ಓದಿದರೆ ಆ ಕೆಲಸ ಗೊತ್ತಿದ್ದವರಿಗೆ ತಕ್ಷಣ ತಿಳಿಯುತ್ತದೆ, ಇವಳು ನಿಜವಾಗಿ ಕೂತು ಮಾಡಿದ್ದಾಳೆ ಅಂತ. "ಟ್ಯಾಲಿಯಲ್ಲಿ ಒಳ್ಳೆಯ ಜ್ಞಾನವಿದೆ" ಅನ್ನುವುದನ್ನು ಮತ್ತೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ತಿದ್ದಬೇಕಾದ ವಾಕ್ಯ. "ಕಂಪನಿಯ ಜಿಎಸ್‌ಟಿ ಕೆಲಸವನ್ನೆಲ್ಲ ನಾನೇ ನಿಭಾಯಿಸುತ್ತೇನೆ." ನಿಮ್ಮ ಬಯೋಡೇಟಾದಲ್ಲಿ "ರಿಟರ್ನ್‌ಗೆ ಡಾಟಾ ತಯಾರಿಸಿ ಟ್ಯಾಕ್ಸ್ ಕನ್ಸಲ್ಟೆಂಟಿಗೆ ಕೊಡುವುದು" ಅಂತ ಇದೆ. ಈ ಎರಡರ ನಡುವೆ ದೊಡ್ಡ ಅಂತರ ಇದೆ. ಪತ್ರ ಓದಿ ಖುಷಿಯಾದವರು ಫೋನಿನಲ್ಲಿ ಮೊದಲು ಕೇಳುವುದೇ, "ಹಾಗಾದರೆ ರಿಟರ್ನ್ ಫೈಲ್ ಮಾಡುವುದೂ ನೀವೇನಾ?" ನೀವು "ಇಲ್ಲ, ಅದು ಕನ್ಸಲ್ಟೆಂಟ್ ಮಾಡುತ್ತಾರೆ" ಅನ್ನಬೇಕಾಗುತ್ತದೆ. ಆ ಕ್ಷಣದಲ್ಲಿ 140 ಪಾರ್ಟಿಗಳ ಮಾತಿನ ಮೇಲೂ ಅನುಮಾನ ಬರುತ್ತದೆ. ಹಿಗ್ಗಿಸಿ ಬರೆದ ಒಂದು ವಾಕ್ಯ ನಿಜ ಇರುವ ವಾಕ್ಯಗಳನ್ನೂ ಎಳೆದು ಬೀಳಿಸುತ್ತದೆ. ನನಗೆ ಇದರಷ್ಟು ಬೇಸರ ತಂದ ಸಂಗತಿ ಬೇರೆ ಇಲ್ಲ, ಯಾಕೆಂದರೆ ಎಷ್ಟೋ ಸಲ ಹುಡುಗಿ ನಿಜವಾಗಿಯೂ ಒಳ್ಳೆಯ ಕೆಲಸಗಾರ್ತಿ ಆಗಿರುತ್ತಿದ್ದಳು.

ಇದ್ದದ್ದನ್ನೇ ಬರೆದರೂ ಅದು ಸಣ್ಣದಾಗುವುದಿಲ್ಲ. ತಿಂಗಳು ತಿಂಗಳು ರಿಟರ್ನ್ ಹಾಕುವವರು GSTR-1 ಅನ್ನು ಮುಂದಿನ ತಿಂಗಳ 11ರೊಳಗೆ ಸಲ್ಲಿಸಬೇಕು. ಅದಕ್ಕಿಂತ ಮೊದಲು ಮಾರಾಟದ ಬಿಲ್ಲುಗಳೆಲ್ಲ ಸರಿ ಇದೆಯಾ, ಪಾರ್ಟಿಯ ಜಿಎಸ್‌ಟಿ ನಂಬರು ಸರಿ ಇದೆಯಾ ಅಂತ ನೋಡಿ ಕೊಡುವವರು ನೀವು. "GSTR-1ಕ್ಕೆ ಬೇಕಾದ ಮಾರಾಟದ ಪಟ್ಟಿಯನ್ನು ನಾನು ತಯಾರಿಸುತ್ತೇನೆ, ಫೈಲಿಂಗ್ ಕನ್ಸಲ್ಟೆಂಟ್ ಮಾಡುತ್ತಾರೆ" ಅಂದರೆ ಸಾಕು. ಜಾಹೀರಾತಿನಲ್ಲೂ ಫೈಲಿಂಗ್ ಕೇಳಿಲ್ಲ. ಕೇಳದ್ದನ್ನು ಇದೆ ಅಂತ ಹೇಳಿ ಸಿಕ್ಕಿಬೀಳುವುದು ಯಾಕೆ?

ಪೂರ್ತಿ ಬಿಡಬೇಕಾದದ್ದು ಸಂಬಳದ ವಾಕ್ಯ. ಅದು ನಿಜ ಇರಬಹುದು, ಬೇಸರವೂ ನ್ಯಾಯವಾದದ್ದೇ. ಆದರೆ ನನ್ನ ಚೀಟಿಯಲ್ಲಿ ಅದು ಕೊನೆಯದಾಗಿ ಉಳಿಯಿತು, ನೋಡಿ. ಪತ್ರದ ಕೊನೆಯ ವಾಕ್ಯ ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಓದುವವರಿಗೆ ಮೂರನೆಯ ಪ್ರಶ್ನೆ ಆಗ ಚುಚ್ಚುತ್ತದೆ: ನಾಳೆ ನಮ್ಮನ್ನೂ ಹೀಗೇ ಬಿಟ್ಟು ಹೋಗುತ್ತಾಳಾ? ಕೆಲಸ ಯಾಕೆ ಬಿಡುತ್ತೀರಿ ಅಂತ ಫೋನಿನಲ್ಲೋ ಇಂಟರ್‌ವ್ಯೂನಲ್ಲೋ ಕೇಳಿಯೇ ಕೇಳುತ್ತಾರೆ. ಆಗ ಸಮಾಧಾನವಾಗಿ ಹೇಳಿ. ಕಾಗದದಲ್ಲಿ ಬೇಡ.

ಈಗ ಬಯೋಡೇಟಾದ ಎರಡನೇ ಪುಟಕ್ಕೆ ಬರುತ್ತೇನೆ. ಅಲ್ಲಿ ಕೆಳಗೆ, ಹವ್ಯಾಸಗಳ ಮೇಲಿನ ಸಾಲಿನಲ್ಲಿ, "ಇ-ವೇ ಬಿಲ್ ತಯಾರಿ, ಮಂಗಳೂರಿಗೆ ಹೋಗುವ ಲೋಡುಗಳಿಗೆ" ಅಂತ ಇದೆ. ಇದನ್ನು ಓದಿದಾಗ ನಾನು ನಿಜಕ್ಕೂ ಎದ್ದು ಕೂತೆ. ಈ ಮಾತು ನಿಮ್ಮ ಎರಡೂ ಪತ್ರಗಳಲ್ಲಿ ಇಲ್ಲ.

ಆ ಕಂಪನಿಯ ಜಾಗದಲ್ಲಿ ನಿಂತು ನೋಡಿ. ಅವರು ಮಂಗಳೂರಿನಿಂದ ಕಾಸರಗೋಡು, ಕಣ್ಣೂರಿಗೆ ಮಾಲು ಕಳಿಸುತ್ತಾರೆ. ತಲಪಾಡಿ ದಾಟಿದರೆ ಬೇರೆ ರಾಜ್ಯ. ಮಂಗಳೂರಿನ ಅಂಗಡಿಗೆ ಮಾಡಿದ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಉಪ್ಪಳದ ಅಂಗಡಿಗೆ ಮಾಡಿದ ಬಿಲ್ಲಿನಲ್ಲಿ ಐಜಿಎಸ್‌ಟಿ. ದೂರ ಹೆಚ್ಚಿಲ್ಲ, ಆದರೆ ಬಿಲ್ಲು ಬೇರೆ. ಹೊಸಬರು ಇಲ್ಲಿ ತಪ್ಪುತ್ತಾರೆ. ತಪ್ಪಿದರೆ ಕೇರಳದ ಡೀಲರಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಅವನು ಹಣ ಹಿಡಿದುಕೊಳ್ಳುತ್ತಾನೆ, ಮತ್ತೆ ಬಾಕಿ ತಾಳೆಯ ಜಗಳ. ರಾಜ್ಯ ದಾಟುವ ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಅದರಲ್ಲಿ ಗಾಡಿ ನಂಬರು ತಪ್ಪಿದರೆ ದಾರಿಯಲ್ಲಿ ಗಾಡಿ ನಿಲ್ಲಬಹುದು.

ನೀವು ಎರಡೂವರೆ ವರ್ಷದಿಂದ ಮಾಡುತ್ತಿರುವುದು ಇದೇ ಕೆಲಸ. ನಿಮ್ಮ ಮಾಲು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ, ಅವರದು ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಮಂಗಳೂರಿನಲ್ಲೇ ಹುಟ್ಟಿ ಬೆಳೆದು ಅಲ್ಲೇ ಅಂಗಡಿ ಲೆಕ್ಕ ಬರೆದ ಹುಡುಗಿಗೆ ಈ ಅನುಭವ ಇರಲೇಬೇಕು ಅಂತಿಲ್ಲ. ಜೊತೆಗೆ ನಿಮಗೆ ಮಲಯಾಳಂ ಬರುತ್ತದೆ. ಕಣ್ಣೂರಿನ ಡೀಲರ ಹತ್ತಿರ ಬಾಕಿ ಕೇಳಬೇಕಾದರೆ ಅವರ ಭಾಷೆಯಲ್ಲಿ ಕೇಳುವುದಕ್ಕೂ ಅರ್ಧಂಬರ್ಧ ಹಿಂದಿಯಲ್ಲಿ ಕೇಳುವುದಕ್ಕೂ ಬಹಳ ಫರಕು ಇದೆ. ಮೊದಲ ಪತ್ರದಲ್ಲಿ ಮಲಯಾಳಂ ಇದೆ, ಆದರೆ ನಾಲ್ಕು ಭಾಷೆಗಳ ಸಾಲಿನಲ್ಲಿ ಒಂದಾಗಿ ಸುಮ್ಮನೆ ನಿಂತಿದೆ. ಎರಡನೆಯದರಲ್ಲಿ ಅದು ಬಿದ್ದೇ ಹೋಗಿದೆ. ಬಹುಶಃ ನಿಮಗೆ ಅದು ದೊಡ್ಡ ಸಂಗತಿ ಅನ್ನಿಸಲಿಲ್ಲ. ನಮ್ಮ ಊರಿನಲ್ಲಿ ಬಸ್ಸು ಹತ್ತಿದರೆ ಮೂರು ಭಾಷೆ ಕೇಳುತ್ತದೆ, ಅದಕ್ಕೆ ಬೆಲೆ ಇದೆ ಅಂತ ನಮಗೇ ಹೊಳೆಯುವುದಿಲ್ಲ. ಮಲಯಾಳಂ ಓದಲು ಬರೆಯಲೂ ಬರುತ್ತದಾ ಅಂತ ಖಚಿತವಾಗಿ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಲ್ಲಿ ಹಲವರಿಗೆ ಮಾತು ಬರುತ್ತದೆ, ಓದಲು ಕಷ್ಟ. ಹಾಗಿದ್ದರೆ "ಮಾತಾಡುತ್ತೇನೆ" ಅಂತ ಮಾತ್ರ ಹಾಕಿ.

ಎರಡನ್ನೂ ಸೇರಿಸಿ ಒಂದು ಮಾಡಬೇಡಿ. ಹಾಗೆ ಮಾಡಿದ ಪತ್ರಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಮೇಲೆ ಪ್ರತಿಷ್ಠಿತ ಸಂಸ್ಥೆ, ನಡುವೆ ತೋಟ, ಆಮೇಲೆ 140 ಪಾರ್ಟಿ, ಕೊನೆಗೆ ಶ್ರಮಜೀವಿ. ಒಳ್ಳೆಯ ವಾಕ್ಯ ನಡುವೆ ಎಲ್ಲೋ ಹೂತು ಹೋಗುತ್ತದೆ. ಗೆದ್ದ ಪತ್ರವನ್ನು ಇಟ್ಟುಕೊಂಡು, ಸೋತ ಪತ್ರದಲ್ಲಿ ಅದಕ್ಕೆ ಬೇಕಾದ ಸಂಗತಿ ಏನಾದರೂ ಇದ್ದರೆ ಅದೊಂದನ್ನು ತೆಗೆದುಕೊಳ್ಳಿ. ಇಲ್ಲಿ ಅದು ಮಲಯಾಳಂ. ಜೊತೆಗೆ "ಮಾನ್ಯರೇ" ಅನ್ನುವ ಸಂಬೋಧನೆಯೂ ಇರಲಿ. ಮರ್ಯಾದೆಗೆ ಆ ಒಂದು ಪದ ಸಾಕು.

ನಾನು ತಿದ್ದಿದ್ದು ಹೀಗಿದೆ. ಇಂಗ್ಲಿಷಿಗೆ ನೀವೇ ಮಾಡಿಕೊಳ್ಳಿ, ನಿಮ್ಮ ಮಾತಿನಲ್ಲೇ ಇರಲಿ.

"ಮಾನ್ಯರೇ,

ಬದಿಯಡ್ಕದ ಅಡಿಕೆ ವ್ಯಾಪಾರದ ಆಫೀಸೊಂದರಲ್ಲಿ ಎರಡೂವರೆ ವರ್ಷದಿಂದ ಸುಮಾರು 140 ಪಾರ್ಟಿಗಳ ಲೆಡ್ಜರ್ ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಈ ಅರ್ಜಿ.

ನಾನು ಸೇರುವಾಗ ಹಲವು ಪಾರ್ಟಿಗಳ ಬಾಕಿ ತಾಳೆಯಾಗುತ್ತಿರಲಿಲ್ಲ. On Account ಹಾಕಿ ಬಿಟ್ಟಿದ್ದ ರಸೀದಿಗಳನ್ನು ಬಿಲ್ಲಿಗೆ ಬಿಲ್ಲು ಹೊಂದಿಸಿ, ಪಾರ್ಟಿಗಳ ಜೊತೆ ಮಾತಾಡಿ ಸರಿ ಮಾಡಿದೆ. ಈಗ ಪ್ರತಿ ತಿಂಗಳು 5ರೊಳಗೆ ಎಲ್ಲರಿಗೂ ಸ್ಟೇಟ್‌ಮೆಂಟ್ ಹೋಗುತ್ತದೆ.

ನಮ್ಮ ಮಾಲು ಕೇರಳದಿಂದ ಮಂಗಳೂರಿಗೆ ಹೋಗುವುದರಿಂದ ಐಜಿಎಸ್‌ಟಿ ಬಿಲ್ಲು, ಇ-ವೇ ಬಿಲ್ ನಾನೇ ಮಾಡುತ್ತೇನೆ. GSTR-1ಕ್ಕೆ ಮಾರಾಟದ ಪಟ್ಟಿ ತಯಾರಿಸಿ ಕನ್ಸಲ್ಟೆಂಟಿಗೆ ಕೊಡುತ್ತೇನೆ. ಕಾಸರಗೋಡು, ಕಣ್ಣೂರಿನ ಡೀಲರುಗಳ ಜೊತೆ ಮಲಯಾಳಂನಲ್ಲಿ ಮಾತಾಡಬಲ್ಲೆ.

ಕೆಲಸ ಸಿಕ್ಕಿದರೆ ಮಂಗಳೂರಿನಲ್ಲೇ ಪಿಜಿಯಲ್ಲಿ ಇರುತ್ತೇನೆ. ಈಗಿನ ಕಡೆ ಒಂದು ತಿಂಗಳ ನೋಟಿಸ್ ಕೊಡಬೇಕು."

ಕೊನೆಯ ಎರಡು ವಾಕ್ಯ ನಿಮ್ಮ ಪರಿಸ್ಥಿತಿಗೆ ತಕ್ಕ ಹಾಗೆ ಬದಲಿಸಿ. ಆದರೆ ಏನಾದರೂ ಒಂದು ಹೇಳಿ. ವಿಳಾಸದಲ್ಲಿ ಬದಿಯಡ್ಕ ಅಂತ ನೋಡಿದ ಕೂಡಲೇ ಮಂಗಳೂರಿನವರ ತಲೆಯಲ್ಲಿ ಬರುವುದು, ದಿನಾ ಹೇಗೆ ಬರುತ್ತಾಳೆ, ಮಳೆಗಾಲದಲ್ಲಿ ಏನು ಮಾಡುತ್ತಾಳೆ ಅಂತ. ಅವರು ಅದನ್ನು ನಿಮ್ಮ ಹತ್ತಿರ ಕೇಳುವುದಿಲ್ಲ. ಸುಮ್ಮನೆ ಮುಂದಿನ ಅರ್ಜಿಗೆ ಹೋಗುತ್ತಾರೆ. ಕುಂಬಳೆಗೆ ಬಂದು ರೈಲಿನಲ್ಲಿ ದಿನಾ ಓಡಾಡುವುದಾದರೆ ಹಾಗೇ ಬರೆಯಿರಿ, ಆಫೀಸು ಬೆಳಿಗ್ಗೆ ಎಷ್ಟು ಗಂಟೆಗೆ ತಲುಪಬಲ್ಲಿರಿ ಅಂತ ಸೇರಿಸಿ.

ಮೇಲಿನ ವಿಷಯದ ಸಾಲಿನಲ್ಲಿ "ಜಾಬ್ ಅಪ್ಲಿಕೇಶನ್" ಅಂತ ಮಾತ್ರ ಹಾಕಬೇಡಿ. "ಅಕೌಂಟ್ಸ್ ಅಸಿಸ್ಟೆಂಟ್, ಪಾರ್ಟಿ ಲೆಡ್ಜರ್ ತಾಳೆಯಲ್ಲಿ ಎರಡೂವರೆ ವರ್ಷ" ಅನ್ನುವ ಅರ್ಥ ಬರುವ ಹಾಗೆ ಹಾಕಿ.

ಅಣ್ಣ ಮತ್ತು ಗೆಳತಿಯ ಅಭಿಪ್ರಾಯದ ಬಗ್ಗೆಯೂ ಒಂದು ಮಾತು. ಇಬ್ಬರೂ ನಿಮ್ಮನ್ನು ಬಲ್ಲವರು. ಪತ್ರದಲ್ಲಿ ಇಲ್ಲದ್ದನ್ನೂ ಅವರ ಮನಸ್ಸು ತುಂಬಿಕೊಳ್ಳುತ್ತದೆ. ಅದೂ ಅಲ್ಲದೆ ಇಬ್ಬರೂ ಎರಡೂ ಪತ್ರಗಳನ್ನು ಒಂದರ ಹಿಂದೆ ಒಂದು ಓದಿದ್ದಾರೆ. ಮೊದಲನೆಯದರಲ್ಲಿ ಮಲಯಾಳಂ ಅಂತ ಓದಿದವರಿಗೆ ಎರಡನೆಯದರಲ್ಲಿ ಅದು ಇಲ್ಲ ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಮುಂದೆ ಹೋಲಿಸುವಾಗ ಒಂದು ಪತ್ರವನ್ನು ಒಬ್ಬರಿಗೆ, ಇನ್ನೊಂದನ್ನು ಇನ್ನೊಬ್ಬರಿಗೆ ಕೊಡಿ. ಸಾಧ್ಯವಾದರೆ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡು ಗೊತ್ತಿರುವವರಿಗೆ ಕೊಡಿ, ಪೇಟೆಯ ಹಾರ್ಡ್‌ವೇರ್ ಅಂಗಡಿಯ ಮಾಲೀಕರಾದರೂ ಆದೀತು. "ಹೇಗಿದೆ" ಅಂತ ಕೇಳಬೇಡಿ. ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಇವಳು ಯಾವ ಕೆಲಸ ಮಾಡಿದವಳು? ಫೋನು ಮಾಡಿದರೆ ಮೊದಲು ಏನು ಕೇಳುತ್ತೀರಿ?" ಅಂತ ಕೇಳಿ. ಅವರು ಕೇಳುವ ಪ್ರಶ್ನೆ ಕೆಲಸದ ಒಳಗಿನದಾಗಿದ್ದರೆ ಪತ್ರ ಗೆದ್ದಿತು. "ಏನು ಅನುಭವ ಇದೆ ಅಂತ ಕೇಳುತ್ತೇನೆ" ಅಂದರೆ ಆ ಪತ್ರ ಏನೂ ಹೇಳಿಲ್ಲ ಅಂತ ಅರ್ಥ.

ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ. ಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗಳಲ್ಲಿ ಪತ್ರಕ್ಕೆ ಜಾಗವೇ ಇಲ್ಲ, ಅಲ್ಲಿ ಅಂಕವೇ ಎಲ್ಲ. ದೊಡ್ಡ ಕಂಪನಿಗಳ ಪೋರ್ಟಲಿನಲ್ಲಿ ಮೊದಲು ಬಯೋಡೇಟಾ ಸೋಸಿ, ಉಳಿದವರ ಪತ್ರವನ್ನು ಮಾತ್ರ ತೆರೆಯುವುದುಂಟು. ಅಂಥ ಕಡೆಗೆ ಇ-ವೇ ಬಿಲ್ಲಿನ ಸಾಲನ್ನು ಬಯೋಡೇಟಾದ ಮೊದಲ ಪುಟಕ್ಕೇ ತರಬೇಕು. ಈಗಲೂ ತನ್ನಿ. ಹವ್ಯಾಸದ ಹತ್ತಿರ ಅದಕ್ಕೆ ಏನು ಕೆಲಸ?

ನಾನೇ ಒಮ್ಮೆ ಈ ವಿಷಯದಲ್ಲಿ ತಪ್ಪಿದ್ದೇನೆ. ಎರಡು ಅರ್ಜಿಗಳಲ್ಲಿ ಒಂದರ ಇಂಗ್ಲಿಷ್ ಬಹಳ ಸೊಗಸಾಗಿತ್ತು. ಇನ್ನೊಂದರಲ್ಲಿ ವ್ಯಾಕರಣ ತಪ್ಪಿತ್ತು, ಆದರೆ ಗೋದಾಮಿನ ಸ್ಟಾಕಿಗೂ ಪುಸ್ತಕದ ಸ್ಟಾಕಿಗೂ ಇದ್ದ ವ್ಯತ್ಯಾಸವನ್ನು ಹೇಗೆ ಹಿಡಿದೆ ಅಂತ ಮೂರು ಸಾಲು ಬರೆದಿದ್ದ. ನಾನು ಸೊಗಸಾದದ್ದನ್ನು ಆರಿಸಿದೆ. ಸೇರಿದವನಿಗೆ ಎರಡು ತಿಂಗಳಾದರೂ ಸ್ಟಾಕ್ ರಿಪೋರ್ಟು ಓದಲು ಬರಲಿಲ್ಲ. ಆಮೇಲೆ ಆ ಇನ್ನೊಬ್ಬನಿಗೆ ಫೋನು ಮಾಡಿದೆ. ಅವನು ಬೇರೆ ಕಡೆ ಸೇರಿಯಾಗಿತ್ತು. ಅಂದಿನಿಂದ ನಾನು ಚೀಟಿಯಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡೆ.

ತಿದ್ದಿದ ಪತ್ರವನ್ನು ಕಳಿಸುವ ಮೊದಲು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಒಮ್ಮೆ ಓದಿ. ಮತ್ತೆ 140 ಪಾರ್ಟಿಗಳಲ್ಲಿ ನಿಮಗೆ ಅತಿ ಕಷ್ಟ ಕೊಟ್ಟ ಒಂದು ಪಾರ್ಟಿಯನ್ನು ನೆನಪು ಮಾಡಿಕೊಳ್ಳಿ. ಎಷ್ಟು ರೂಪಾಯಿ ವ್ಯತ್ಯಾಸ ಇತ್ತು, ಎಲ್ಲಿ ಸಿಕ್ಕಿತು, ಅವರನ್ನು ಹೇಗೆ ಒಪ್ಪಿಸಿದಿರಿ. ಫೋನು ಬಂದರೆ ಅವರು ಮೊದಲು ಕೇಳುವುದು ಅದನ್ನೇ.